ಹದಿನೇಳುನೂರ ನಲವತ್ತು

ದಾವಣಗೆರೆ ಚೌಕಿಪೇಟೆಯ ನಾಗರಾಜಪ್ಪನವರ ಹಳೇ ಫೋನು ಯಾರ ಜೊತೆ ಮಾತಾಡಿದರೂ ಸದ್ದಿಲ್ಲದೆ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಅದನ್ನು ಯಾರು ಆನ್ ಮಾಡಿಟ್ಟಿದ್ದರೋ ಅವರಿಗೂ ಗೊತ್ತಿರಲಿಲ್ಲ. ಸಂಕ್ರಾಂತಿಗೆ ಹೊಸ ಫೋನು ಬಂತು. ಅದು ರೆಕಾರ್ಡ್ ಮಾಡುವಾಗ ಎರಡೂ ಕಡೆಯವರಿಗೆ ಕೇಳುವ ಹಾಗೆ ಜೋರಾಗಿ ಹೇಳಿಬಿಡುತ್ತದೆ. ವ್ಯಾಪಾರದವರಿಗೆ ಅಂಥ ಫೋನು ಯಾಕೆ ಬೇಕು?

ಹಳೇದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಮಗಳು ಸಹನಾ ಒಂದು ಕೆಲಸ ಹಚ್ಚಿದಳು. ಅವಳದು ಬಿಕಾಂ ಕೊನೇ ವರ್ಷ.

"ಅಪ್ಪಾ, ಮಾಲು ಹಾಕೋರ ಕಾಲ್‌ಗಳನ್ನ ಕೇಳ್ಕೊಂಡು ಒಂದೊಂದು ಸಾಲು ಬರೆದಿಡು. ತಾರೀಕು, ಮಾಲು, ರೇಟು, ಏನ್ ಮಾತಾಯ್ತು ಅಂತ. ಆಮೇಲೆ ಅಳಿಸಿಬಿಡೋಣ."

ಮಧ್ಯಾಹ್ನ ಊಟ ಆದ ಮೇಲೆ ಪೇಟೆ ಸ್ವಲ್ಪ ತಣ್ಣಗಿರುತ್ತದೆ. ಆ ಹೊತ್ತಲ್ಲಿ ಅವರು ಗಲ್ಲಾಪೆಟ್ಟಿಗೆ ಮುಂದೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯತೊಡಗಿದರು. ಸಣ್ಣ ಕೆಲಸ ಅಂದುಕೊಂಡಿದ್ದರು. ಆದರೆ ಅವರ ಕಾಲ್‌ಗಳಲ್ಲಿ ಮಾಲಿನ ಮಾತು ಅರ್ಧ ನಿಮಿಷ, ಮಿಕ್ಕಿದ್ದೆಲ್ಲ ಊರ ಮಾತು. ತುಮಕೂರಿನ ಬೆಲ್ಲದವರ ಮಂಡಿನೋವು, ಬೇಳೆಯವರ ಅಳಿಯನ ವರ್ಗಾವಣೆ, ಮಳೆ, ಮೆಕ್ಕೆಜೋಳದ ರೇಟು, ಭದ್ರಾ ನಾಲೆಗೆ ನೀರು ಯಾವಾಗ ಬಿಡ್ತಾರೆ. ಇದನ್ನೆಲ್ಲ ಒಂದು ಸಾಲಿಗೆ ಇಳಿಸೋದು ಹೇಗೆ? 'ಬೆಲ್ಲ, 20 ಪೆಂಟಿ, ಹಳೇ ರೇಟು' ಅಂತ ಬರೆದು ಮುಂದೆ ಹೋಗುತ್ತಿದ್ದರು. ಮಂಡಿನೋವು ಬಿಟ್ಟುಹೋಗುತ್ತಿತ್ತು.

ಚಳ್ಳಕೆರೆ ತಿಪ್ಪೇಸ್ವಾಮಿಯ ಸರದಿ ಬಂತು. ಚಳ್ಳಕೆರೆ ಅಂದರೆ ಶೇಂಗಾ ಎಣ್ಣೆಯ ಊರು. ಆದರೆ ತಿಪ್ಪೇಸ್ವಾಮಿ ಶೇಂಗಾ ಎಣ್ಣೆ ಜೊತೆ ಸನ್‌ಫ್ಲವರ್ ಟಿನ್ನೂ ಹಾಕುತ್ತಿದ್ದ. ತಾರೀಕು 2024ರ ಆಗಸ್ಟ್ 28. ಗಣೇಶನ ಹಬ್ಬಕ್ಕೆ ಇನ್ನೂ ಹತ್ತು ದಿನ.

"...ಸಾವ್ಕಾರ್ರೆ, ನೀವು ಅತ್ಲಾಗೆ ಇತ್ಲಾಗೆ ರೇಟ್ ಕೇಳ್ಬ್ಯಾಡಿ. ದೀಪಾವಳಿ ತನಕ ಟಿನ್ನು ಹದಿನೇಳುನೂರ ನಲವತ್ತೇ. ಮಾರ್ಕೆಟ್ ಮ್ಯಾಲೆ ಹೋದ್ರೂ ನಿಮಗೆ ಅದೇ ರೇಟು. ನನ್ನ ಮಾತು ಐತೆ."

ನಾಗರಾಜಪ್ಪ ಪೆನ್ನು ಕೆಳಗಿಟ್ಟರು. ಇನ್ನೊಂದು ಸಲ ಹಾಕಿ ಕೇಳಿದರು. ಅದೇ ಮಾತು.

ಆ ವರ್ಷ ಆಗಿದ್ದೇನು ಅಂತ ಎಣ್ಣೆ ವ್ಯಾಪಾರದವರಿಗೆಲ್ಲ ಗೊತ್ತು. ಸೆಪ್ಟೆಂಬರ್ 14ಕ್ಕೆ ಕೇಂದ್ರ ಸರ್ಕಾರ ಹೊರಗಿನಿಂದ ಬರುವ ಕಚ್ಚಾ ಅಡುಗೆ ಎಣ್ಣೆಯ ಮೇಲಿನ ಸುಂಕವನ್ನು ಸೆಸ್ ಎಲ್ಲ ಸೇರಿ 5.5ರಿಂದ 27.5 ಪರ್ಸೆಂಟಿಗೆ ಏರಿಸಿತು. ತಾಳೆ, ಸೋಯಾ, ಸೂರ್ಯಕಾಂತಿ, ಮೂರಕ್ಕೂ. ರಿಫೈನ್ಡ್ ಎಣ್ಣೆಗೆ ಇನ್ನೂ ಜಾಸ್ತಿ. ಮಂಡಿಪೇಟೆಯಲ್ಲಿ ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು. ಆ ಗಡಿಬಿಡಿಯಲ್ಲಿ ಹದಿನೈದು ದಿನದ ಹಿಂದಿನ ಮಾತು ಯಾರಿಗೆ ನೆನಪಿರುತ್ತದೆ? ಟಿನ್ನಿಗೆ 2,060 ಅಂತ ಬಿಲ್ ಬಂತು. ಮಾರ್ಕೆಟ್‌ಗೆ ಸರಿಯಾಗೇ ಇದೆ ಅಂತ ಕಟ್ಟಿದ್ದರು. ಮಿರ್ಚಿ ಮಂಡಕ್ಕಿ ಗಾಡಿಯವರು ಮಾತ್ರ ಏರಿಸೋಕೆ ಬಿಡಲಿಲ್ಲ. ಅವರಿಗೆ ಎರಡು ತಿಂಗಳು ಅಸಲಿಗೇ ಕೊಟ್ಟಿದ್ದರು. ಆ ಸಂಕಟ ಇನ್ನೂ ಹೊಟ್ಟೆಯಲ್ಲಿತ್ತು.

ಬಿಲ್ ತೆಗೆದು ನೋಡಿದರು. ಸೆಪ್ಟೆಂಬರ್ 18ಕ್ಕೆ 25 ಟಿನ್ನು. ದಸರಾ ಮುಂದೆ, ಅಕ್ಟೋಬರ್ 7ಕ್ಕೆ 40. ಟಿನ್ನಿಗೆ 320ರಂತೆ ಒಟ್ಟು 20,800 ರೂಪಾಯಿ. ಪುಸ್ತಕದಲ್ಲಿ ದಪ್ಪಗೆ ಬರೆದರು: 'ದೀಪಾವಳಿ ತನಕ 1,740. ಮಾತು ಕೊಟ್ಟಿದ್ದಾನೆ.' ಅಡಿಗೆ ಎರಡು ಗೆರೆ ಎಳೆದರು.

ಸಂಜೆ ಸಹನಾ ಬಂದವಳೇ ಆ ಸಾಲು ನೋಡಿದಳು. ಇಯರ್‌ಫೋನ್ ಕಿತ್ತುಕೊಂಡು ತಾನೇ ಕೇಳಿದಳು. ಅಪ್ಪ ನಿಲ್ಲಿಸಿದ ಕಡೆ ಅವಳು ನಿಲ್ಲಿಸಲಿಲ್ಲ. ಮಳೆ ಬಂತು, ತಿಪ್ಪೇಸ್ವಾಮಿಯ ತಂಗಿ ಮಗನ ಮದುವೆ ಬಂತು, ಆಮೇಲೆ, ಕಾಲ್ ಮುಗಿಯೋ ಹೊತ್ತಿಗೆ:

"ಒಂದೇ ಮಾತು ಸಾವ್ಕಾರ್ರೆ. ಮಾಲು ಇಳಿದ ಎಂಟು ದಿನದೊಳಗೆ ದುಡ್ಡು ಹಾಕ್ಬೇಕು."

"ಹೂಂ ಹೂಂ, ಹಾಕ್ತೀನಿ ಬಿಡಪ್ಪ." ಇದು ನಾಗರಾಜಪ್ಪನವರದೇ ದನಿ. ಬಾಯಲ್ಲಿ ಎಲೆ ಅಡಿಕೆ ಇದ್ದ ಹಾಗಿತ್ತು.

"ಇದನ್ನ ಯಾಕಪ್ಪಾ ಬರೆದಿಲ್ಲ?"

"ಮದುವೆ ಮಾತು ಅಂತ ಬಿಟ್ಟೆ."

ಸಹನಾ ಪಾಸ್‌ಬುಕ್ ತಂದಳು. ಮೊದಲ ಲೋಡಿನ ದುಡ್ಡು ಸೆಪ್ಟೆಂಬರ್ 24ಕ್ಕೆ ಹೋಗಿತ್ತು, ಆರೇ ದಿನಕ್ಕೆ. ಎರಡನೇದು ನವೆಂಬರ್ 6ಕ್ಕೆ, ದೀಪಾವಳಿ ಮುಗಿದ ಮೇಲೆ.

ಹೆಂಡತಿ ಗಿರಿಜಮ್ಮ ಒಳಗಿನಿಂದಲೇ ಹೇಳಿದರು, "ಆ ರೆಕಾರ್ಡನ್ನ ಅವನಿಗೆ ಕಳಿಸಿಬಿಡಿ. ಏನ್ ಹೇಳ್ತಾನೋ ನೋಡೋಣ."

ನಾಗರಾಜಪ್ಪನವರಿಗೆ ಅದು ಸರಿ ಕಾಣಲಿಲ್ಲ. ತಿಪ್ಪೇಸ್ವಾಮಿಯ ಅಪ್ಪನ ಕಾಲದಿಂದ ಎಣ್ಣೆ ತರಿಸುತ್ತಿದ್ದವರು. ಇಷ್ಟು ದಿನ ನಿನ್ನ ಮಾತೆಲ್ಲ ಹಿಡಿದಿಟ್ಟುಕೊಂಡಿದ್ದೆ ಅಂತ ಹೇಳೋದು ಯಾವ ಮುಖದಲ್ಲಿ? ರೆಕಾರ್ಡ್ ತೋರಿಸಿದರೆ ಪೊಲೀಸ್ ಸ್ಟೇಷನ್ ಥರ ಆಗುತ್ತದೆ. ಪುಸ್ತಕ ತೋರಿಸಿದರೆ ಅಂಗಡಿ ಥರ ಇರುತ್ತದೆ. ಅವರ ಲೆಕ್ಕ ಅದು. ಸಹನಾ ನಕ್ಕಳು, ಒಪ್ಪಲಿಲ್ಲ.

ಮಾರನೇ ದಿನ ಫೋನ್ ಮಾಡಿದರು.

"ತಿಪ್ಪೇಸ್ವಾಮಿ, ಹೋದ ಗಣೇಶನ ಹಬ್ಬದ ಮುಂದೆ ಸನ್‌ಫ್ಲವರ್‌ಗೆ ಒಂದು ರೇಟ್ ಹೇಳಿದ್ದೆ. ನೆನಪೈತೇನಪ್ಪ?"

"ಅಯ್ಯೋ, ಯಾವ ರೇಟು ಅಂತ ನೆನಪಿಟ್ಕಳಾನ ಸಾವ್ಕಾರ್ರೆ! ಆ ತಿಂಗಳು ನಮಗೇ ತಲೆ ಕೆಟ್ಟಿತ್ತು."

"ಪುಸ್ತಕದಾಗೆ ಬರ್ಕೊಂಡೀನಿ. ಓದ್ಲೇನು?"

ಓದಿದರು. ಆ ಕಡೆ ಸ್ವಲ್ಪ ಹೊತ್ತು ಬರೀ ಗಿರಣಿ ಸದ್ದು.

"ಬರ್ಕಂಡಿದೀರಾ? ಹಂಗಾರೆ ಹೇಳಿರ್ತೀನಿ ಬಿಡಿ. ಆದ್ರೆ ಸುಂಕ ಏರ್ಸಿದ್ದು ನಾನಲ್ಲ ಕಣ್ರೀ. ಎಷ್ಟಾಗ್ತದೆ?"

ನಾಗರಾಜಪ್ಪ ಪುಸ್ತಕ ನೋಡಿದರು. ದಪ್ಪ ಸಾಲಿನ ಕೆಳಗೆ ಸಹನಾಳ ಸಣ್ಣ ಅಕ್ಷರ: 'ಎಂಟು ದಿನದೊಳಗೆ ದುಡ್ಡು.' ಅವಳು ಕಾಲೇಜಿಗೆ ಹೋಗಿದ್ದಳು. 20,800 ಅಂತ ಹೇಳಿಬಿಟ್ಟಿದ್ದರೆ ಆಗಿಹೋಗುತ್ತಿತ್ತು. ತಿಪ್ಪೇಸ್ವಾಮಿ ಗೊಣಗಿಕೊಂಡೇ ಒಪ್ಪುತ್ತಿದ್ದ.

"ಇನ್ನೊಂದು ಸಾಲು ಐತಿ ನೋಡು. ಎಂಟು ದಿನದೊಳಗೆ ದುಡ್ಡು ಅಂತ. ಮೊದಲನೇ ಲೋಡಿಗೆ ಆರು ದಿನಕ್ಕೆ ಹಾಕೀನಿ. ಎರಡನೇದಕ್ಕೆ ಒಂದು ತಿಂಗಳಾತು. 25 ಟಿನ್ನಿಂದು ಎಂಟು ಸಾವಿರ ಆಗ್ತೈತಿ."

"ಎರಡನೇದು ಬಿಡ್ತೀರಾ?"

"ಮತ್ತೇನು ಮಾಡ್ಲಿ? ಮಾತು ಇಬ್ರೂ ಆಡಿದ್ವಲ್ಲ."

ತಿಪ್ಪೇಸ್ವಾಮಿ ಜೋರಾಗಿ ನಕ್ಕ. "ಮುಂದಿನ ಬಿಲ್ಲಿನಾಗೆ ಮುರ್ಕಳಿ. ಕ್ರೆಡಿಟ್ ನೋಟ್ ಬೇಕಂದ್ರೆ ಹುಡುಗನಿಗೆ ಹೇಳ್ತೀನಿ, ಮಾಡಿ ಕಳಿಸ್ತಾನೆ. ಅದ್ಸರಿ, ಆ ಪುಸ್ತಕದಾಗೆ ಇನ್ನೇನೇನು ಬರ್ಕಂಡಿದೀರಾ?"

"ನಿನ್ನ ತಂಗಿ ಮಗನ ಮದುವೆ ಐತಿ. ಕರೀತೀನಿ ಅಂದಿದ್ದೆ, ಕರೀಲೇ ಇಲ್ಲ."

ಸಹನಾ ಸಂಜೆ ಬಂದು ಎಂಟು ಸಾವಿರ ಅಂತ ನೋಡಿ ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಇನ್ನೊಂದು ಕಾಲಂ ಗೆರೆ ಹಾಕಿ, ಮೇಲೆ 'ಷರತ್ತು' ಅಂತ ಬರೆದಳು. ಗಿರಿಜಮ್ಮ ಮಾತ್ರ ಮಿಕ್ಕ 12,800ರ ಬಗ್ಗೆ ರಾತ್ರಿ ಊಟದವರೆಗೂ ಮಾತಾಡಿದರು.

ಅಲ್ಲಿಂದ ಈಚೆಗೆ ತಿಪ್ಪೇಸ್ವಾಮಿಯ ಮಾತಿನ ರೀತಿ ಬದಲಾಯಿತು. ಮಳೆ, ಬೆಳೆ, ಅಳಿಯ, ಎಲ್ಲ ಮೊದಲಿನಂತೆಯೇ ಇದೆ. ರೇಟಿಗೆ ಬಂದಾಗ ಮಾತ್ರ ಒಂದು ಸಲ ಕೆಮ್ಮುತ್ತಾನೆ.

"ಸಾವ್ಕಾರ್ರೆ, ಇವತ್ತಿನ ರೇಟು ಇವತ್ತಿಗೆ ಮಾತ್ರ. ಬರ್ಕಳಿ."