ಕಿರುಬೆರಳಿಗೆ ಬಂದ ಗಾಂಧಾರ: ರಾಗ, ತಾಳದ ಕಟ್ಟು

ಶನಿವಾರದ ತರಗತಿಯ ಎಲ್ಲರಿಗೂ,

ಹೋದ ವಾರ ಮಲಹರಿ ಗೀತೆ ಹಾಡುವಾಗ ನಿಮ್ಮಲ್ಲೊಬ್ಬ ‘ದ ನಿ ಸ’ ಅಂತ ಹಾಡಿದ. ಪಕ್ಕದವರು ನಕ್ಕರು. ಅದು ನಗುವ ವಿಷಯ ಅಲ್ಲ. ತಿಂಗಳುಗಟ್ಟಲೆ ಸರಳೆ, ಜಂಟಿ, ಅಲಂಕಾರ ಎಲ್ಲವನ್ನೂ ಮಾಯಾಮಾಳವಗೌಳದಲ್ಲೇ ಹಾಡಿದ ಬಾಯಿಗೆ ‘ದ’ ಆದಮೇಲೆ ‘ನಿ’ ತಾನಾಗಿಯೇ ಬರುತ್ತದೆ. ಆಮೇಲೆ ಅವನೇ ಕೇಳಿದ: “ಮಿಸ್, ಇಲ್ಲಿ ನಿ ಯಾಕೆ ಬೇಡ?” ತುಂಬಾ ಒಳ್ಳೆ ಪ್ರಶ್ನೆ. ಆವತ್ತು ಸಮಯ ಸಾಲಲಿಲ್ಲ. ಅದಕ್ಕೇ ಇದನ್ನು ಬರೆದು ಕೊಡುತ್ತಿದ್ದೇನೆ. ಶ್ರುತಿ ಪೆಟ್ಟಿಗೆ ಹಾಕಿಕೊಂಡು, ಹಾಡಿಕೊಳ್ಳುತ್ತಾ ಓದಿ. ಸುಮ್ನೆ ಕಣ್ಣಾಡಿಸಿದರೆ ಏನೂ ಹತ್ತುವುದಿಲ್ಲ.

ಮೊದಲು ಸ್ವರ

ಏಳು ಸ್ವರ ಎಲ್ಲರಿಗೂ ಗೊತ್ತು. ಅದರಲ್ಲಿ ಸ ಮತ್ತು ಪ ಅಲುಗಾಡುವುದಿಲ್ಲ. ಉಳಿದ ಐದಕ್ಕೆ ಬೇರೆ ಬೇರೆ ಜಾಗಗಳಿವೆ. ಒಂದು ಸ್ಥಾಯಿಯಲ್ಲಿ ಒಟ್ಟು 12 ಜಾಗ. ಹಾರ್ಮೋನಿಯಂ ಅಥವಾ ಕೀಬೋರ್ಡ್ ಇರುವವರು ಎಣಿಸಿ ನೋಡಿ: ಬಿಳಿ, ಕಪ್ಪು ಸೇರಿ 12 ಮನೆ. ಆದರೆ ನಮ್ಮಲ್ಲಿ ಹೆಸರುಗಳು 16. ಒಂದೇ ಜಾಗಕ್ಕೆ ಕೆಲವು ಸಲ ಎರಡು ಹೆಸರು ಇರುವುದರಿಂದ ಹೀಗೆ. ಚತುಶ್ರುತಿ ರಿಷಭದ ಮನೆಯಲ್ಲೇ ಶುದ್ಧ ಗಾಂಧಾರವೂ ಇರುತ್ತದೆ. ಆ ರಾಗದಲ್ಲಿ ಅದು ರಿ ಆಗಿ ನಿಂತಿದೆಯೋ, ಗ ಆಗಿ ನಿಂತಿದೆಯೋ ಅನ್ನುವುದರ ಮೇಲೆ ಹೆಸರು.

ಈಗ ಮಾಯಾಮಾಳವಗೌಳ ಹಾಡಿ. ಸ ಇಂದ ರಿ ಒಂದೇ ಮನೆ ದೂರ. ರಿ ಇಂದ ಗ ಮೂರು ಮನೆ ಜಿಗಿತ. ಗ ಇಂದ ಮ ಮತ್ತೆ ಒಂದೇ ಮನೆ. ಮೇಲಿನ ಅರ್ಧವನ್ನೂ ನೋಡಿ: ಪ ಇಂದ ದ ಒಂದು, ದ ಇಂದ ನಿ ಮೂರು, ನಿ ಇಂದ ಸ ಒಂದು. ಕೆಳಗೆ ಇದ್ದದ್ದೇ ಮೇಲೆ! ಕೆಳಗಿನದನ್ನು ಸರಿಯಾಗಿ ಹಿಡಿದ ಗಂಟಲಿಗೆ ಮೇಲಿನದು ಅರ್ಧ ಬಂದ ಹಾಗೆಯೇ. ಪುರಂದರದಾಸರು ಮಕ್ಕಳ ಪಾಠವನ್ನು ಈ ರಾಗದಿಂದ ಶುರು ಮಾಡಿದರು ಅಂತ ನಮ್ಮ ಪರಂಪರೆ ಹೇಳುತ್ತದೆ. ಎಷ್ಟು ಯೋಚನೆ ಮಾಡಿ ಆರಿಸಿದ್ದಾರೆ ಅನ್ನುವುದು ನನಗೆ ಪಾಠ ಹೇಳಲು ಶುರು ಮಾಡಿದ ಮೇಲೆಯೇ ಅರ್ಥವಾಗಿದ್ದು.

ಮೇಳ ಮತ್ತು ಜನ್ಯ

ಏಳು ಸ್ವರವೂ ಕ್ರಮವಾಗಿ ಹತ್ತಿ, ಕ್ರಮವಾಗಿ ಇಳಿದರೆ ಅದು ಮೇಳ. 17ನೇ ಶತಮಾನದಲ್ಲಿ ವೆಂಕಟಮಖಿ ಲೆಕ್ಕ ಹಾಕಿ 72 ಮೇಳಗಳ ಚೌಕಟ್ಟು ಕೊಟ್ಟರು. ಶುದ್ಧ ಮಧ್ಯಮದ್ದು 36, ಪ್ರತಿ ಮಧ್ಯಮದ್ದು 36. ಆರಾರು ಮೇಳಕ್ಕೆ ಒಂದು ಚಕ್ರ, ಒಟ್ಟು 12 ಚಕ್ರ. ಒಂದು ಚಕ್ರದೊಳಗೆ ರಿ, ಗ ಬದಲಾಗುವುದಿಲ್ಲ. ದ, ನಿ ಮಾತ್ರ ಬದಲಾಗುತ್ತಾ ಹೋಗುತ್ತವೆ.

ಹೆಸರಿನಲ್ಲೇ ನಂಬರ್ ಅಡಗಿರುವುದು ನನಗೆ ತುಂಬಾ ಇಷ್ಟದ ಸಂಗತಿ. ಕಟಪಯಾದಿ ಲೆಕ್ಕ ಅಂತಾರೆ. ‘ಮಾಯಾ’ದಲ್ಲಿ ಮ ಅಂದರೆ 5, ಯ ಅಂದರೆ 1. 51 ಅನ್ನು ತಿರುಗಿಸಿ ಓದಿ: 15. ಮಾಯಾಮಾಳವಗೌಳ 15ನೇ ಮೇಳ. ‘ಧೀರ’ಶಂಕರಾಭರಣದಲ್ಲಿ ಧ 9, ರ 2. ತಿರುಗಿಸಿದರೆ 29. ‘ಮೇಚ’ಕಲ್ಯಾಣಿಯಲ್ಲಿ ಮ 5, ಚ 6, ಅಂದರೆ 65. ಈಗ 65ರಲ್ಲಿ 36 ಕಳೆಯಿರಿ. ಉಳಿದದ್ದು 29, ಅಲ್ವಾ? ಅಂದರೆ ಶಂಕರಾಭರಣದ ಮಧ್ಯಮವೊಂದನ್ನು ಪ್ರತಿ ಮಧ್ಯಮ ಮಾಡಿದರೆ ಕಲ್ಯಾಣಿಯ ಸ್ವರಗಳು ಸಿಗುತ್ತವೆ. ಹಾಡಿ ನೋಡಿ. ಒಂದೇ ಒಂದು ಮನೆ ಸರಿದರೆ ಇಡೀ ರಾಗದ ಬಣ್ಣ ಬದಲಾಗುತ್ತದೆ.

ಜನ್ಯ ರಾಗ ಅಂದರೆ ಮೇಳದಿಂದ ಹುಟ್ಟಿದ್ದು. ಕೆಲವು ಸ್ವರ ಬಿಟ್ಟು ಹಾಡಬಹುದು. ಮೋಹನದಲ್ಲಿ ಮ ಇಲ್ಲ, ನಿ ಇಲ್ಲ. ಹಂಸಧ್ವನಿಯಲ್ಲಿ ಮ ಇಲ್ಲ, ದ ಇಲ್ಲ. ಕೆಲವು ಕಡೆ ಸ್ವರ ಸುತ್ತಿ ಬಳಸಿ ಹೋಗುತ್ತದೆ, ಅದಕ್ಕೆ ವಕ್ರ ಅಂತಾರೆ. ಕೆಲವು ರಾಗ ಹತ್ತುವಾಗ ಒಂದು ದಾರಿ, ಇಳಿಯುವಾಗ ಇನ್ನೊಂದು. ನಮ್ಮ ಮಲಹರಿ ಇಂಥದ್ದೇ. ಅದು 15ನೇ ಮೇಳದ ಜನ್ಯ.

ಆರೋಹಣ: ಸ ರಿ ಮ ಪ ದ ಸ
ಅವರೋಹಣ: ಸ ದ ಪ ಮ ಗ ರಿ ಸ

ನಿ ಎರಡೂ ಕಡೆ ಇಲ್ಲ. ಗ ಇಳಿಯುವಾಗ ಮಾತ್ರ. ನಿಷಾದ ಕೆಟ್ಟದ್ದು ಅಂತ ಬಿಟ್ಟಿದ್ದಲ್ಲ. ಅದನ್ನು ಸೇರಿಸಿದ ಕೂಡಲೇ ಕಿವಿಗೆ ಮಲಹರಿ ಕೇಳಿಸುವುದಿಲ್ಲ, ಮಾಯಾಮಾಳವಗೌಳವೇ ಕೇಳಿಸುತ್ತದೆ.

ಆದರೆ ಆರೋಹಣ, ಅವರೋಹಣ ಬಾಯಿಪಾಠವಾದರೆ ರಾಗ ಬಂತು ಅಂದುಕೊಳ್ಳಬೇಡಿ. ದೊಡ್ಡವರಾದ ಮೇಲೆ ಪಾಠಕ್ಕೆ ಸೇರಿದವರು ಜಾಸ್ತಿ ಎಡವುವುದು ಇಲ್ಲೇ. ಮಧ್ಯಮಾವತಿ, ಶ್ರೀ, ಮಣಿರಂಗು ಈ ಮೂರಕ್ಕೂ ಆರೋಹಣ ಒಂದೇ: ಸ ರಿ ಮ ಪ ನಿ ಸ. ಗುಟ್ಟು ಇರುವುದು ಇಳಿಯುವುದರಲ್ಲಿ. ಮಧ್ಯಮಾವತಿ ಗ ಮುಟ್ಟದೆ ‘ಮ ರಿ ಸ’ ಅಂತ ಇಳಿಯುತ್ತದೆ. ಮಣಿರಂಗು ನೇರವಾಗಿ ‘ಮ ಗ ರಿ ಸ’. ಶ್ರೀರಾಗ ‘ಮ ರಿ ಗ ರಿ ಸ’ ಅಂತ ರಿಷಭಕ್ಕೆ ಬಂದು, ಗ ಮುಟ್ಟಿ, ಮತ್ತೆ ರಿಷಭಕ್ಕೆ ಬರುತ್ತದೆ. ಈ ಐದು ಸ್ವರ ಕೇಳಿದರೆ ಸಾಕು, ಯಾವ ರಾಗ ಅಂತ ಹೇಳಬಹುದು. ಇಂಥ ಗುರುತಿನ ಓಡಾಟವೇ ಸಂಚಾರ.

ಇದರ ಮೇಲೆ ಗಮಕ. ತೋಡಿಯ ಗಾಂಧಾರವನ್ನು ಕೀಬೋರ್ಡಿನ ಮನೆಯಲ್ಲಿ ಒತ್ತಿ ಹಿಡಿದರೆ ತೋಡಿ ಆಗುವುದೇ ಇಲ್ಲ. ಅದು ರಿ ಕಡೆಯಿಂದ ಮ ಕಡೆಗೆ ತೂಗಬೇಕು. ಇದನ್ನು ಕಾಗದದಲ್ಲಿ ಕಲಿಸಲು ನನ್ನಿಂದ ಆಗದು. ಪಕ್ಕದಲ್ಲಿ ಕೂತು, ನೂರು ಸಲ ಕೇಳಿ, ಹಾಡಿಯೇ ಬರಬೇಕು.

ತಾಳದ ಅಂಗಗಳು

ಸದ್ಯಕ್ಕೆ ನಿಮಗೆ ಮೂರು ಅಂಗ ಸಾಕು. ಅನುದ್ರುತ ಒಂದು ಪೆಟ್ಟು. ದ್ರುತ ಒಂದು ಪೆಟ್ಟು, ಒಂದು ಹುಸಿ, ಒಟ್ಟು ಎರಡು ಅಕ್ಷರ. ಲಘು ಅಂದರೆ ಒಂದು ಪೆಟ್ಟು, ಆಮೇಲೆ ಕಿರುಬೆರಳಿನಿಂದ ಶುರುವಾಗುವ ಎಣಿಕೆ. ದ್ರುತ, ಅನುದ್ರುತ ಯಾವತ್ತೂ ಬದಲಾಗುವುದಿಲ್ಲ. ಲಘು ಮಾತ್ರ ಜಾತಿಗೆ ತಕ್ಕ ಹಾಗೆ ಉದ್ದವಾಗುತ್ತದೆ: ತಿಶ್ರ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9.

ಈ ಅಂಗಗಳನ್ನು ಜೋಡಿಸಿದರೆ ಏಳು ತಾಳ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಇವನ್ನು ಸುಳಾದಿ ತಾಳಗಳು ಅನ್ನುತ್ತಾರೆ. ನಮ್ಮ ದಾಸರು ಈ ತಾಳಗಳಲ್ಲಿ ಸುಳಾದಿಗಳನ್ನೇ ಬರೆದಿದ್ದಾರೆ. ಏಳು ತಾಳ, ಐದು ಜಾತಿ, ಗುಣಿಸಿದರೆ 35. ಪರೀಕ್ಷೆಗೆ ಕೋಷ್ಟಕ ಬೇಕಾಗುತ್ತದೆ. ಆದರೆ ಎಲ್ಲವನ್ನೂ ಉರು ಹೊಡೆಯಬೇಡಿ. ಅಂಗ ಗೊತ್ತಿದ್ದರೆ ಕೋಷ್ಟಕವನ್ನು ನೀವೇ ಬರೆಯಬಹುದು. ತ್ರಿಪುಟ ಅಂದರೆ ಒಂದು ಲಘು, ಎರಡು ದ್ರುತ. ಚತುರಶ್ರ ಜಾತಿಯಲ್ಲಿ 4+2+2, ಒಟ್ಟು 8. ಅದೇ ನಮ್ಮ ಆದಿತಾಳ. ತಿಶ್ರದಲ್ಲಿ 3+2+2, ಒಟ್ಟು 7. ಝಂಪೆಯಲ್ಲಿ ಲಘು, ಅನುದ್ರುತ, ದ್ರುತ. ಮಿಶ್ರ ಜಾತಿಯಾದರೆ 7+1+2, ಒಟ್ಟು 10.

ಜಾತಿ ಮತ್ತು ನಡೆ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುವವರು ಬಹಳ. ಜಾತಿ ಲಘುವಿನ ಉದ್ದ ಹೇಳುತ್ತದೆ. ನಡೆ ಒಂದೊಂದು ಅಕ್ಷರದ ಒಳಗೆ ಎಷ್ಟು ತುಂಡು ಅಂತ ಹೇಳುತ್ತದೆ. ಆದಿತಾಳ ಹಾಕುತ್ತಾ ಪ್ರತಿ ಎಣಿಕೆಗೂ ‘ತಕದಿಮಿ’ ಅನ್ನಿ, ಅದು ಚತುರಶ್ರ ನಡೆ. ಕೈ ಬದಲಿಸದೆ ‘ತಕಿಟ’ ಅನ್ನಿ, ತಿಶ್ರ ನಡೆ. ತಾಳ ಆದಿತಾಳವೇ, ಎಣಿಕೆ ಎಂಟೇ.

ಒಂದೇ ಸಾಲಿನಲ್ಲಿ ಎರಡೂ

ಈಗ ಪಿಳ್ಳಾರಿ ಗೀತೆಗೆ ಬನ್ನಿ. ‘ಶ್ರೀ ಗಣನಾಥ’ ಗೀತೆಯ ಮೊದಲ ನಾಲ್ಕು ಆವರ್ತ ಇದು. ಚತುರಶ್ರ ಜಾತಿ ರೂಪಕ, ಒಂದು ದ್ರುತ, ಒಂದು ಲಘು, 2+4.

ಮ ಪ | ದ ಸ ಸ ರಿ ||
ರಿ ಸ | ದ ಪ ಮ ಪ ||
ರಿ ಮ | ಪ ದ ಮ ಪ ||
ದ ಪ | ಮ ಗ ರಿ ಸ ||

ಮೊದಲ ಎರಡು ಸಾಲಿನ ಸ, ರಿ ಮೇಲಿನ ಸ್ಥಾಯಿಯವು. ಈಗ ಬೆರಳಿಟ್ಟು ಹುಡುಕಿ: 24 ಅಕ್ಷರಗಳಲ್ಲಿ ಗ ಎಷ್ಟು ಸಲ ಬಂತು? ಒಂದೇ ಸಲ, ಕೊನೆಯ ಸಾಲಿನಲ್ಲಿ, ಇಳಿಯುವಾಗ. ಮೂರನೇ ಸಾಲಿನಲ್ಲಿ ‘ರಿ ಮ ಪ ದ’ ಅಂತ ಹತ್ತುವಾಗ ಗ ಹಾರಿಹೋಗಿದೆ. ಮಲಹರಿಯ ಆರೋಹಣ, ಅವರೋಹಣ ಎರಡೂ ಇಲ್ಲೇ ಇವೆ.

ಈಗ ಕೈ ನೋಡಿ. ಕೊನೆಯ ಸಾಲು. ದ ಪೆಟ್ಟು, ಪ ಹುಸಿ. ಮ ಲಘುವಿನ ಪೆಟ್ಟು. ಗ ಕಿರುಬೆರಳು. ರಿ ಉಂಗುರದ ಬೆರಳು. ಸ ನಡುಬೆರಳು. ಇಡೀ ನಾಲ್ಕು ಸಾಲಿಗೆ ಕಾದಿದ್ದ ಗಾಂಧಾರ ಬಂದು ಕಿರುಬೆರಳಿನ ಮೇಲೆ ಕೂರುತ್ತದೆ. ಹೋದ ವಾರ ನಿ ಸೇರಿಸಿದವನ ಕೈಯೂ ತಪ್ಪಿತ್ತು, ಗಮನಿಸಿದಿರಾ? ಒಂದು ಸ್ವರ ಜಾಸ್ತಿಯಾದರೆ ಒಂದು ಬೆರಳು ಹಿಂದೆ ಬೀಳುತ್ತದೆ. ರಾಗ ತಪ್ಪಿದ್ದನ್ನು ತಾಳವೇ ಹೇಳಿಕೊಟ್ಟಿತು. ಅದಕ್ಕೇ ಕೈ ಬಿಟ್ಟು ಹಾಡಬೇಡಿ ಅಂತ ನಾನು ಪದೇ ಪದೇ ಹೇಳುವುದು.

ಒಂದು ಮಾತು. ಕಚೇರಿಗೆ ಹೋದಾಗ ರೂಪಕಕ್ಕೆ ಎರಡು ಪೆಟ್ಟು, ಒಂದು ಹುಸಿ ಹಾಕುವುದು ನೋಡುತ್ತೀರಿ. ಅದು ಮೂರು ಎಣಿಕೆಯ ಬಳಕೆಯ ರೂಪಕ, ತಪ್ಪಲ್ಲ. ಮಿಶ್ರ ಛಾಪು 3+4, ಖಂಡ ಛಾಪು 2+3 ಕೂಡ ಸುಳಾದಿ ಲೆಕ್ಕದ ಹೊರಗಿನವೇ. ಇನ್ನು ಹಾಡು ಯಾವಾಗಲೂ ಮೊದಲ ಪೆಟ್ಟಿಗೇ ಶುರುವಾಗಬೇಕು ಅಂತಿಲ್ಲ. ಪೆಟ್ಟು ಬಿದ್ದ ಮೇಲೆ ಎತ್ತಿಕೊಳ್ಳುವ ಕೃತಿಗಳು ಬೇಕಾದಷ್ಟಿವೆ. ಎಲ್ಲಿ ಎತ್ತುತ್ತೇವೋ ಅದು ಎಡುಪು.

ಪದಗಳು

ನ್ಯೂಜೆರ್ಸಿಯಿಂದ ವಿಡಿಯೋ ಕಾಲ್‌ನಲ್ಲಿ ಸೇರುವ ಅಕ್ಕ, ತಂಗಿ ಇಬ್ಬರೂ ಇಂಗ್ಲಿಷ್ ಪದ ಕೇಳಿದ್ದರು. ಕನ್ನಡದ್ದು ಎಡಗಡೆ, ಇಂಗ್ಲಿಷಿನದು ಬಲಗಡೆ.

ಸ್ವರ – ನೋಟ್
ಶ್ರುತಿ – ಪಿಚ್
ಸ್ಥಾಯಿ – ಆಕ್ಟೇವ್
ಆರೋಹಣ – ಅಸೆಂಡಿಂಗ್ ಸ್ಕೇಲ್
ಅವರೋಹಣ – ಡಿಸೆಂಡಿಂಗ್ ಸ್ಕೇಲ್
ಮೇಳ – ಪೇರೆಂಟ್ ಸ್ಕೇಲ್
ಜನ್ಯ – ಡಿರೈವ್ಡ್ ರಾಗ
ಸಂಚಾರ – ಫ್ರೇಸ್
ಗಮಕ – ಆರ್ನಮೆಂಟ್
ಆವರ್ತ – ಸೈಕಲ್
ಅಕ್ಷರ – ಬೀಟ್
ಪೆಟ್ಟು – ಕ್ಲ್ಯಾಪ್
ಹುಸಿ – ವೇವ್
ನಡೆ – ಸಬ್‌ಡಿವಿಷನ್
ಎಡುಪು – ಸ್ಟಾರ್ಟಿಂಗ್ ಪಾಯಿಂಟ್

ಗಮಕಕ್ಕೆ ಆರ್ನಮೆಂಟ್ ಅನ್ನುವ ಪದ ನನಗೆ ಒಪ್ಪಿಗೆ ಇಲ್ಲ. ಒಡವೆ ತೆಗೆದಿಟ್ಟರೂ ಮನುಷ್ಯ ಹಾಗೇ ಇರುತ್ತಾನೆ. ತೋಡಿಯಿಂದ ಗಮಕ ತೆಗೆದರೆ ತೋಡಿಯೇ ಇರುವುದಿಲ್ಲ. ಪುಸ್ತಕಗಳಲ್ಲಿ ಆ ಪದವೇ ಇರುವುದರಿಂದ ತಿಳಿದಿರಲಿ, ಅಷ್ಟೇ.

ಮುಂದಿನ ಶನಿವಾರಕ್ಕೆ ಮೇಲಿನ ನಾಲ್ಕು ಸಾಲನ್ನು ಎರಡು ಕಾಲದಲ್ಲಿ, ತಾಳ ಹಾಕಿ ಹಾಡಿಕೊಂಡು ಬನ್ನಿ. ಜೊತೆಗೆ 22ನೇ ಮೇಳದ ಹೆಸರು ಕಟಪಯಾದಿಯಿಂದ ಹುಡುಕಿ ತನ್ನಿ. ಸುಳಿವು ಬೇಕಾ? ಮೊದಲ ಅಕ್ಷರ ‘ಖ’.