ಅಪ್ಪ, ಅಮ್ಮ, ನವೆಂಬರಿನಲ್ಲಿ ಮೈಸೂರಿಗೆ ಹೋಗುವ

ಬೆಂಗಳೂರು
26 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾವಿಲ್ಲಿ ಆರಾಮ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಈ ಮಾತು ತೆಗೆದರೆ ಅಪ್ಪ "ನೋಡುವ" ಅಂತ ಹೇಳಿ ಫೋನು ಅಮ್ಮನಿಗೆ ಕೊಡುತ್ತಾರೆ, ಅಮ್ಮ "ಊಟ ಆಯ್ತಾ" ಅಂತ ಕೇಳುತ್ತಾಳೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಕಾಗದ. ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತು ಇಬ್ಬರೂ ಪೂರ್ತಿ ಓದಿ.

ನವೆಂಬರ್ 15ರ ಶನಿವಾರ ನಿಮ್ಮಿಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಐದು ದಿನ. ಮದುವೆ ಇಲ್ಲ, ಹರಕೆ ಇಲ್ಲ, ಡಾಕ್ಟರನ್ನು ಕಾಣಲಿಕ್ಕೂ ಅಲ್ಲ. ಸುಮ್ನೆ ತಿರುಗಾಡಿ ಬರಲಿಕ್ಕೆ.

ಆ ಕಂದು ರೆಕ್ಸಿನ್ ಬ್ಯಾಗು ಇದೆಯಲ್ಲ, ಹಿಡಿಗೆ ಅಮ್ಮ ಸೀರೆಯ ಅಂಚು ಸುತ್ತಿ ಹೊಲಿದದ್ದು. ಮೊನ್ನೆ ಕೂತು ನೆನಪು ಮಾಡಿಕೊಂಡೆ, ಅದು ಎಲ್ಲೆಲ್ಲಿಗೆ ಹೋಗಿದೆ ಅಂತ. ಧರ್ಮಸ್ಥಳ, ಸುಬ್ರಹ್ಮಣ್ಯ, ಅತ್ತೆಯ ಮನೆಯ ಬಾಣಂತನ, ಎರಡು ಸಲ ಮಂಗಳೂರಿನ ಆಸ್ಪತ್ರೆ. ಅಷ್ಟೇ. ನನಗೆ ಗೊತ್ತಿರುವ ಈ ನಲವತ್ತು ವರ್ಷದಲ್ಲಿ ನೀವಿಬ್ಬರೂ ಕೆಲಸವಿಲ್ಲದೆ ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದ್ದಿಲ್ಲ. ಇದು ನನ್ನ ಮನಸ್ಸಿನಲ್ಲಿ ತುಂಬಾ ದಿನದಿಂದ ಕೂತಿದೆ.

ಮೈಸೂರೇ ಯಾಕೆ ಅಂದರೆ, ಅಪ್ಪ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಟೂರು ಹೊರಟದ್ದು ನೆನಪಿದೆಯಾ. ರೇಟು ಇಳಿದ ವರ್ಷ ಅದು. ಆದರೂ ಅರ್ಧ ಗೋಣಿ ಚಾಲಿ ಅಡಿಕೆ ಮಾರಿ ನನ್ನ ಕೈಗೆ ದುಡ್ಡು ಕೊಟ್ಟಿರಿ. ವಾಪಸು ಬಂದ ರಾತ್ರಿ ಕರೆಂಟು ಇರಲಿಲ್ಲ, ಚಿಮಿಣಿ ದೀಪದ ಎದುರು ಕೂತು ನಾನು ಅರಮನೆಯ ದೀಪದ ಕತೆ ಹೇಳಿದೆ. ಅಮ್ಮ ಕೇಳಿದ್ದಳು, "ಅಷ್ಟೂ ದೀಪ ಒಟ್ಟಿಗೇ ಹೊತ್ತುವಾಗ ಶಬ್ದ ಬರ್ತದಾ?" ನನಗೆ ಉತ್ತರ ಗೊತ್ತಿರಲಿಲ್ಲ. ಮಕ್ಕಳೆಲ್ಲ ಹೋ ಅಂತ ಕೂಗಿದ್ದೆವು, ಬೇರೇನೂ ಕೇಳಿಸಿರಲಿಲ್ಲ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಅಮ್ಮ. ಭಾನುವಾರ ಸಂಜೆ ಏಳು ಗಂಟೆಗೆ ಹೊತ್ತಿಸುತ್ತಾರೆ. ಭಾನುವಾರಕ್ಕೆ ಸರಿಯಾಗಿ ಅಲ್ಲಿಗೆ ಮುಟ್ಟಬೇಕು ಅಂತಲೇ ನಾವು ಶನಿವಾರ ಹೊರಡುವುದು.

ಈಗ ತೋಟದ ವಿಷಯ, ಅಪ್ಪ ಮೊದಲು ಕೇಳುವುದೇ ಅದು ಅಂತ ಗೊತ್ತು. ಮದ್ದು ಬಿಡುವ ಕೆಲಸ ಮುಗಿದಿದೆ. ಮೊದಲ ಕೊಯ್ಲು ನವೆಂಬರ್ ಕೊನೆಗೆ ಅಂತ ನೀವೇ ಹೇಳಿದ್ದೀರಿ. ಮಣ್ಣಿನಲ್ಲಿ ಇನ್ನೂ ತೇವ ಇದೆ, ಅಷ್ಟರಲ್ಲಿ ಸ್ಪ್ರಿಂಕ್ಲರ್ ಹಾಕಬೇಕಾಗಿ ಬಂದರೂ ಐತಪ್ಪಣ್ಣ ನೋಡಿಕೊಳ್ಳುತ್ತಾರೆ, ಅವರ ಹತ್ತಿರ ಮಾತಾಡಿಯೇ ಈ ಕಾಗದ ಬರೆಯುತ್ತಿದ್ದೇನೆ. ರಾತ್ರಿ ಅವರೂ ಮಗನೂ ನಮ್ಮ ಜಗಲಿಯಲ್ಲೇ ಮಲಗುತ್ತಾರೆ. ಹಟ್ಟಿಯ ಕೆಲಸ ಶಾರದಕ್ಕ ಒಪ್ಪಿಕೊಂಡಿದ್ದಾರೆ. ಗೌರಿ ಗಿಡ್ಡ ಜಾತಿಯ ದನ, ಗೊತ್ತಿಲ್ಲದವರು ಹತ್ತಿರ ಹೋದರೆ ಒದೆಯುತ್ತದೆ, ಆದರೆ ಶಾರದಕ್ಕನ ಸ್ವರ ಅದಕ್ಕೆ ಗೊತ್ತು ಅಲ್ವಾ. ಹೋದ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಆರು ದಿನ ಮನೆ, ಹಟ್ಟಿ, ತೋಟ ಎಲ್ಲ ಅವರೇ ನೋಡಿಕೊಂಡರು. ಒಂದು ಸೋಗೆಯೂ ಹಾಳಾಗಲಿಲ್ಲ. ಕಷ್ಟ ಬಂದಾಗ ಆರು ದಿನ ಬಿಡಬಹುದಾದರೆ, ಸುಖವಾಗಿರುವಾಗ ಐದು ದಿನ ಬಿಡಬಹುದು ಅಪ್ಪ.

ನಾನು ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಮುಳ್ಳೇರಿಯದಲ್ಲಿ ಇಳಿಯುತ್ತೇನೆ. ಶನಿವಾರ ತಿಂಡಿ ತಿಂದೇ ಹೊರಡುವುದು, ಗಡಿಬಿಡಿ ಇಲ್ಲ. ಕಾರು ಬಾಲಣ್ಣನದ್ದು. ಅವರು ನಿಧಾನ ಬಿಡುತ್ತಾರೆ, ಅಮ್ಮನಿಗೂ ಅವರ ಮೇಲೆ ನಂಬಿಕೆ. ಮೊದಲ ದಿನ ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿವರೆಗೆ ಮಾತ್ರ, ನೂರು ಕಿಲೋಮೀಟರೂ ಇಲ್ಲ. ಒಂದೇ ದಿನದಲ್ಲಿ ಮೈಸೂರು ಮುಟ್ಟಬಹುದು, ಆದರೆ ಅಪ್ಪನ ಮೊಣಕಾಲು ಅಷ್ಟು ಹೊತ್ತು ಮಡಚಿಕೊಂಡು ಕೂತರೆ ನೋವು ಬರುತ್ತದೆ. ಅಮ್ಮಾ, ಸಂಪಾಜೆ ಘಾಟಿಯ ತಿರುವಿಗೆ ನೀನು ಹೆದರಬೇಡ. ಎದುರಿನ ಸೀಟು ನಿನಗೆ. ಲಿಂಬೆಹುಳಿ ಹಿಡಿದುಕೋ, ವಾಂತಿ ಬರುವ ಹಾಗಾದರೆ ಎಷ್ಟು ಸಲ ಬೇಕಾದರೂ ನಿಲ್ಲಿಸುವ. ಸಂಜೆ ರಾಜಾಸೀಟಿನಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುವುದೊಂದೇ ಆ ದಿನದ ಕೆಲಸ. ಅಲ್ಲಿ ಚಳಿ, ಸ್ವೆಟರ್ ನಾನು ತರುತ್ತೇನೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೈಸೂರು. ಸುಮಾ ಮತ್ತು ಪುಟ್ಟಿ ಬೆಂಗಳೂರಿನಿಂದ ರೈಲಿನಲ್ಲಿ ನೇರ ಅಲ್ಲಿಗೇ ಬರುತ್ತಾರೆ. ಸೋಮವಾರ ಬೆಳಿಗ್ಗೆ ಬೇಗ ಚಾಮುಂಡಿ ಬೆಟ್ಟ. ಸಾವಿರಕ್ಕೂ ಜಾಸ್ತಿ ಮೆಟ್ಟಿಲಿದೆ, ನಾವು ಒಂದನ್ನೂ ಹತ್ತುವುದಿಲ್ಲ, ಕಾರು ಮೇಲಿನವರೆಗೆ ಹೋಗುತ್ತದೆ. ಊಟ ಆಗಿ ಒಂದು ನಿದ್ದೆ. ಆಮೇಲೆ ಮೃಗಾಲಯ, ಮಂಗಳವಾರ ಅದಕ್ಕೆ ರಜೆ. ಅಜ್ಜನಿಗೆ ಜಿರಾಫೆ ತೋರಿಸಬೇಕು ಅಂತ ಪುಟ್ಟಿ ಈಗಲೇ ಹೇಳುತ್ತಿದ್ದಾಳೆ. ಒಳಗೆ ಬ್ಯಾಟರಿ ಗಾಡಿ ಇದೆ, ನಡೆಯಲೇಬೇಕು ಅಂತಿಲ್ಲ. ಮಂಗಳವಾರ ಅರಮನೆಯ ಒಳಗೆ. ಅಪ್ಪನಿಗೆ ಅದು ಖಂಡಿತ ಇಷ್ಟವಾಗುತ್ತದೆ. ಹಳೆಯದು ಮರದ ಅರಮನೆ, 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗಿನದು 1912ರಲ್ಲಿ ಮುಗಿದದ್ದು. ಬಾಗಿಲಿನ ಕೆತ್ತನೆ ನೋಡುತ್ತಾ ಎಷ್ಟು ಹೊತ್ತು ನಿಂತರೂ ನಾನು ಅವಸರ ಮಾಡುವುದಿಲ್ಲ. ಸಂಜೆ ದೇವರಾಜ ಮಾರುಕಟ್ಟೆಗೆ ಹೋಗಿ ಅಮ್ಮನಿಗೆ ಮಲ್ಲಿಗೆ. ಬುಧವಾರ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ. ಮೈ ಸರಿ ಇಲ್ಲದಿದ್ದರೆ ಯಾವುದನ್ನು ಬೇಕಾದರೂ ಬಿಡುವ. ಭಾನುವಾರದ ದೀಪ ಒಂದನ್ನು ಬಿಟ್ಟು.

ರೂಮು ನೆಲ ಅಂತಸ್ತಿನಲ್ಲೇ ಹೇಳಿದ್ದೇನೆ, ಕಮೋಡ್ ಇದೆ, ಬಿಸಿನೀರು ಇದೆ. ಅಪ್ಪ, ಬಿಪಿ ಮಾತ್ರೆ ಹತ್ತು ದಿನದ್ದು ಇಟ್ಟುಕೊಳ್ಳಿ. ಎಲೆಯಡಿಕೆ ಚೀಲವೂ ಬರಲಿ. ಅಲ್ಲಿ ಕುಚ್ಚಲಕ್ಕಿ ಅನ್ನ ಸಿಗುವುದು ಕಷ್ಟ ಅಮ್ಮ, ಬೆಳ್ತಿಗೆಯಲ್ಲೇ ಸುಧಾರಿಸಬೇಕು, ಒಂದು ಬಾಟ್ಲಿ ಮಿಡಿ ಉಪ್ಪಿನಕಾಯಿ ಕಟ್ಟಿಕೋ. ಚಕ್ಕುಲಿ ಮಾಡುತ್ತಾ ಕೂರಬೇಡ. ನೀನು ಅಡುಗೆಮನೆಗೆ ಹೋಗದ ಐದು ದಿನ ನನಗೆ ನೋಡಬೇಕು.

ದುಡ್ಡು ಎಷ್ಟು ಅಂತ ಅಪ್ಪ ಕೇಳಿಯೇ ಕೇಳುತ್ತೀರಿ. ಕಾರು, ರೂಮು, ಊಟ ಎಲ್ಲ ಸೇರಿ ನಲವತ್ತು ಸಾವಿರದೊಳಗೆ. ಸಾಲ ಮಾಡಿಲ್ಲ, ಪುಟ್ಟಿಯ ಫೀಸಿನ ದುಡ್ಡನ್ನು ಮುಟ್ಟಿಲ್ಲ. ಜನವರಿಯಿಂದ ತಿಂಗಳಿಗೆ ನಾಲ್ಕು ಸಾವಿರದ ಹಾಗೆ ಇದಕ್ಕೆ ಅಂತಲೇ ಬೇರೆ ತೆಗೆದಿಟ್ಟಿದ್ದೇನೆ. ಬೇರೆ ಯಾವುದಕ್ಕೂ ಇದನ್ನು ಖರ್ಚು ಮಾಡಲು ನನಗೆ ಮನಸ್ಸಿಲ್ಲ.

ಅಮ್ಮ, ಅಲ್ಮೇರದಲ್ಲಿ ನ್ಯಾಫ್ತಲಿನ್ ಉಂಡೆಯ ಜೊತೆ ಮಡಚಿಟ್ಟ ಆ ಹಸಿರು ಸೀರೆ ಇದೆಯಲ್ಲ, ಭಾನುವಾರ ಸಂಜೆಗೆ ಅದನ್ನೇ ಉಟ್ಟುಕೋ. ಏಳಕ್ಕೆ ಐದು ನಿಮಿಷ ಇರುವಾಗ ಗೇಟಿನ ಎದುರು ನೀವಿಬ್ಬರೂ ಮುಂದೆ ನಿಲ್ಲಿ, ನಾನು ಪುಟ್ಟಿಯನ್ನು ಎತ್ತಿಕೊಂಡು ಹಿಂದೆ ಇರುತ್ತೇನೆ. ಶಬ್ದ ಬರುತ್ತದಾ ಇಲ್ಲವಾ, ಈ ಸಲ ನೀನೇ ಕೇಳಿ ನನಗೆ ಹೇಳಬೇಕು.

ಕಾಗದ ಮುಟ್ಟಿದ ಮೇಲೆ ಫೋನು ಮಾಡಿ. ಅಪ್ಪನ ಚಪ್ಪಲಿಯ ನಂಬರ್ ಎಂಟಾ ಒಂಬತ್ತಾ, ನೋಡಿ ಹೇಳಿ. ಮೆತ್ತಗಿನ ಒಂದು ಜೊತೆ ಶುಕ್ರವಾರ ಬರುವಾಗ ತರುತ್ತೇನೆ.

ನಿಮ್ಮ ಮಗ,
ಗಣೇಶ