ಸೂಚನಾ ಪತ್ರ: ಎಲ್ಲರೂ ಬಳಸುವ ಕಂಪ್ಯೂಟರ್‌ಗಳ ಡೆಸ್ಕ್‌ಟಾಪ್ ಇದ್ದ ಹಾಗೆಯೇ ಇರಲಿ

ದಿನಾಂಕ: 7-7-2025, ಸೋಮವಾರ

ಗೆ: ಪ್ರಧಾನ ಕಚೇರಿಯ ಎಲ್ಲ ಸಿಬ್ಬಂದಿ ಮತ್ತು ಪಿಗ್ಮಿ ವಿಭಾಗದವರು

ವಿಷಯ: ಕೌಂಟರ್ 1, ಕೌಂಟರ್ 2, ಸಾಲ ವಿಭಾಗ ಹಾಗೂ ಟಪಾಲು ಮೇಜಿನ ಕಂಪ್ಯೂಟರ್‌ಗಳಲ್ಲಿ ಐಕಾನ್‌ಗಳ ಜಾಗ ಬದಲಿಸದಿರುವ ಬಗ್ಗೆ

ಸಿಬ್ಬಂದಿ ಮಿತ್ರರೇ,

ಮೊನ್ನೆ ಶನಿವಾರ ಕೌಂಟರ್ 2ರಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ರಜೆಯಲ್ಲಿದ್ದವರ ಬದಲಿಗೆ ಅಂದು ಅಲ್ಲಿ ಕೂತವರು ಎಂದಿನಂತೆ ಎರಡನೇ ಸಾಲಿನ ಮೊದಲ ಫೋಲ್ಡರ್ ತೆರೆದರು. ಅಲ್ಲಿರಬೇಕಾದದ್ದು ‘ನಗದು ತಾಳೆ 2025-26’. ಯಾರೋ ಹಿಂದಿನ ದಿನ ಜಾಗ ಅದಲುಬದಲು ಮಾಡಿದ್ದರಿಂದ ಅಲ್ಲಿ ‘ನಗದು ತಾಳೆ 2024-25’ ಇತ್ತು. ಎರಡೂ ಹಳದಿ ಫೋಲ್ಡರ್‌ಗಳೇ. ಹೆಸರಿನಲ್ಲಿ ವ್ಯತ್ಯಾಸವಿರುವುದು ಕೊನೆಯ ಅಂಕಿಗಳಲ್ಲಿ ಮಾತ್ರ. ಎದುರಿಗೆ ಏಳೆಂಟು ಜನ ಸದಸ್ಯರು ನಿಂತಿರುವಾಗ ಅದನ್ನು ಓದಿ ನೋಡುವ ವ್ಯವಧಾನ ಯಾರಿಗಿರುತ್ತದೆ? ಬೆಳಗಿನ 11 ನಮೂದುಗಳು ಹೋದ ವರ್ಷದ ಕಡತಕ್ಕೆ ಬಿದ್ದವು. ಸಂಜೆ ನಗದು ತಾಳೆಯಾಗದೆ ನಾಲ್ಕು ಜನ ಏಳೂವರೆವರೆಗೆ ಕೂರಬೇಕಾಯಿತು. ಹೋದ ವರ್ಷದ ಲೆಕ್ಕಪರಿಶೋಧನೆ ಈಗ ನಡೆಯುತ್ತಿರುವುದರಿಂದ, ಆ ಕಡತ ಯಾಕೆ ತಿದ್ದಾಯಿತೆಂದು ಪರಿಶೋಧಕರಿಗೆ ನಾನು ಲಿಖಿತವಾಗಿ ವಿವರಣೆ ಕೊಡಬೇಕಾಗಿದೆ.

ಅಂದು ಕೌಂಟರಿನಲ್ಲಿ ಕೂತಿದ್ದವರದು ಇದರಲ್ಲಿ ಏನೂ ತಪ್ಪಿಲ್ಲ. ಇದನ್ನು ಎಲ್ಲರ ಮುಂದೆ ಹೇಳಬೇಕೆಂದೇ ಬರೆಯುತ್ತಿದ್ದೇನೆ. ಜಾಗ ಬದಲಿಸಿದವರೂ ಕೆಟ್ಟ ಉದ್ದೇಶದಿಂದ ಮಾಡಿಲ್ಲವೆಂಬುದು ನನಗೆ ಗೊತ್ತು. ಪರಿಶೋಧಕರಿಗೆ ದಿನವಿಡೀ ಹಳೆಯ ವರ್ಷದ ಕಡತ ಬೇಕಾಗುತ್ತಿತ್ತು, ಕೈಗೆ ಹತ್ತಿರವಿರಲಿ ಎಂದು ಮೇಲಕ್ಕೆ ಎಳೆದಿಟ್ಟಿದ್ದರು. ಅವರವರ ಸ್ವಂತ ಕಂಪ್ಯೂಟರಿನಲ್ಲಿ ಅದು ಸರಿಯಾದ ಅಭ್ಯಾಸವೇ. ಆದರೆ ಈ ನಾಲ್ಕು ಕಂಪ್ಯೂಟರ್‌ಗಳಲ್ಲಿ ವಾರಕ್ಕೊಮ್ಮೆ ಕೂರುವವರು ಬದಲಾಗುತ್ತಾರೆ, ಎಲ್ಲರೂ ಒಂದೇ ವಿಂಡೋಸ್ ಖಾತೆಯಲ್ಲಿ ಕೆಲಸ ಮಾಡುತ್ತೇವೆ. ಒಬ್ಬರು ಎಳೆದಿಟ್ಟದ್ದು ಮರುದಿನ ಇನ್ನೊಬ್ಬರ ಕಣ್ಣೆದುರಿಗೆ ಬರುತ್ತದೆ.

ಕೌಂಟರಿನ ಕೆಲಸವನ್ನು ನಾವು ಓದಿಕೊಂಡು ಮಾಡುವುದಿಲ್ಲ, ಕೈರೂಢಿಯಿಂದ ಮಾಡುತ್ತೇವೆ. ಮೇಲಿಂದ ಮೂರನೆಯದು ಠೇವಣಿ, ನಾಲ್ಕನೆಯದು ಪಿಗ್ಮಿ ಎಂದು ಬೆರಳಿಗೇ ಗೊತ್ತಿರುತ್ತದೆ. ನಮ್ಮಲ್ಲಿ ಇಬ್ಬರು ಹಿರಿಯ ಗುಮಾಸ್ತರು ಕಂಪ್ಯೂಟರ್ ಕಲಿತದ್ದೇ ಹೀಗೆ, ಜಾಗದ ಲೆಕ್ಕದಲ್ಲಿ. ಅವರ ಕೆಲಸದಲ್ಲಿ ಇವತ್ತಿಗೂ ಒಂದು ರೂಪಾಯಿ ವ್ಯತ್ಯಾಸ ಬಂದಿಲ್ಲ. ಐಕಾನ್ ಜಾಗ ಬದಲಾದ ದಿನ ಅವರು ಯಾರನ್ನಾದರೂ ಕರೆದು ಕೇಳಬೇಕಾಗುತ್ತದೆ, ಅದೂ ಸದಸ್ಯರ ಎದುರಿಗೆ. ಅವರು ಹಾಗೆ ಮುಜುಗರಪಡುವುದನ್ನು ನೋಡಲು ನನಗೆ ಇಷ್ಟವಿಲ್ಲ. ತಂತ್ರಜ್ಞರು ಫೋನಿನಲ್ಲಿ ಸಹಾಯ ಮಾಡುವುದೂ ಇದೇ ರೀತಿ. “ಎಡಗಡೆ ಕೆಳಗಿಂದ ಎರಡನೆಯದನ್ನು ಒತ್ತಿ” ಎನ್ನುತ್ತಾರೆ. ಅವರ ಬಳಿ ಇರುವ ಚಿತ್ರ ಒಂದು, ನಮ್ಮ ಪರದೆಯ ಮೇಲಿರುವುದು ಇನ್ನೊಂದಾದರೆ ಆ ಮಾತಿನಿಂದ ಪ್ರಯೋಜನವಿಲ್ಲ.

ಇಂದು ಬೆಳಿಗ್ಗೆ ನಾಲ್ಕೂ ಕಂಪ್ಯೂಟರ್‌ಗಳನ್ನು ಒಂದೇ ರೀತಿ ಜೋಡಿಸಿದ್ದೇವೆ. ಎಡಗಡೆಯ ಮೊದಲ ಸಾಲಿನಲ್ಲಿ ಮೇಲಿಂದ ಕೆಳಕ್ಕೆ `This PC`, ಸಂಘದ ತಂತ್ರಾಂಶ, ಠೇವಣಿ ರಸೀದಿ, ಪಿಗ್ಮಿ ಯಂತ್ರ, ನುಡಿ, `Recycle Bin` ಇವೆ. ಎರಡನೇ ಸಾಲಿನಲ್ಲಿ ಈ ವರ್ಷದ ಫೋಲ್ಡರ್‌ಗಳು ಮಾತ್ರ. ಹೋದ ವರ್ಷದ್ದೆಲ್ಲವೂ ಡಿ ಡ್ರೈವ್‌ಗೆ ಹೋಗಿದೆ, ಪರಿಶೋಧಕರಿಗೆ ಸಾಲ ವಿಭಾಗದ ಕಂಪ್ಯೂಟರಿನಿಂದ ತೆರೆದುಕೊಡಲಾಗುವುದು. ಬಲಗಡೆ ‘ಇಂದಿನ ಕೆಲಸ’ ಎಂಬ ಒಂದೇ ಒಂದು ಫೋಲ್ಡರ್ ಇದೆ. ಪರದೆಯ ನಡುಭಾಗ ಖಾಲಿ ಇರಲಿ. ಈ ಜೋಡಣೆಯ ಬಣ್ಣದ ಮುದ್ರಿತ ಪ್ರತಿಯನ್ನು ಪ್ರತಿ ಮಾನಿಟರಿನ ಪಕ್ಕ ಅಂಟಿಸಲಾಗಿದೆ.

ದಯವಿಟ್ಟು ಯಾವ ಐಕಾನನ್ನೂ ಎಳೆಯಬೇಡಿ, ಹೆಸರು ಬದಲಿಸಬೇಡಿ, ಅಳಿಸಬೇಡಿ. ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿದಾಗ `View` ಅಡಿಯಲ್ಲಿ ಬರುವ `Auto arrange icons` ಅನ್ನು ಆರಿಸಲೇಬೇಡಿ. ಅದನ್ನು ಒತ್ತಿದರೆ ಎಲ್ಲ ಐಕಾನ್‌ಗಳೂ ಎಡಗಡೆಗೆ ಹೋಗಿ ಸಾಲುಗಟ್ಟುತ್ತವೆ. ಆಮೇಲೆ ಆಯ್ಕೆಯನ್ನು ತೆಗೆದರೂ ಅವು ಹಳೆಯ ಜಾಗಕ್ಕೆ ತಾವಾಗಿ ಬರುವುದಿಲ್ಲ, ಒಂದೊಂದಾಗಿ ಕೂರಿಸಬೇಕು. `Sort by` ಕೂಡ ಇಂಥದ್ದೇ. ಕೆಲವೊಮ್ಮೆ ನಮಗೆ ಗೊತ್ತಿಲ್ಲದೆಯೂ ಆಗುತ್ತದೆ. ಕಂಟ್ರೋಲ್ ಕೀ ಒತ್ತಿಹಿಡಿದಿರುವಾಗ ಮೌಸಿನ ಚಕ್ರ ತಿರುಗಿದರೆ ಐಕಾನ್‌ಗಳ ಗಾತ್ರವೇ ಬದಲಾಗುತ್ತದೆ. ಪ್ರೊಜೆಕ್ಟರ್ ಜೋಡಿಸಿದಾಗ ಪರದೆಯ ಅಳತೆ ಬದಲಾಗಿ ಎಲ್ಲವೂ ಚೆದುರಬಹುದು. ಸೆಪ್ಟೆಂಬರಿನ ಮಹಾಸಭೆಗೆ ಈ ನಾಲ್ಕರಲ್ಲಿ ಯಾವುದನ್ನೂ ಒಯ್ಯುವುದು ಬೇಡ, ಬೇರೆ ಲ್ಯಾಪ್‌ಟಾಪ್ ವ್ಯವಸ್ಥೆ ಮಾಡುತ್ತೇನೆ. ಹೀಗೆ ಅರಿವಿಲ್ಲದೆ ಆದರೆ ಹೆದರುವ ಅಗತ್ಯವಿಲ್ಲ, ನನಗೆ ತಿಳಿಸಿದರೆ ಸಾಕು.

ನುಡಿಯ ಬಗ್ಗೆ ಒಂದು ಮಾತು. ಹಳೆಯ ಆವೃತ್ತಿಯ ಐಕಾನನ್ನು ಡೆಸ್ಕ್‌ಟಾಪಿನಿಂದ ತೆಗೆದಿದ್ದೇವೆ. ಹೋದ ತಿಂಗಳು ಟಪಾಲು ಮೇಜಿನಲ್ಲಿ ಎರಡೂ ಅಕ್ಕಪಕ್ಕದಲ್ಲಿದ್ದು, ಹಳೆಯದರಲ್ಲಿ ಬೆರಳಚ್ಚಾದ ಪತ್ರ ಇಮೇಲಿನಲ್ಲಿ ಹೋಯಿತು. ಅತ್ತ ಆ ಫಾಂಟ್ ಇಲ್ಲದ್ದರಿಂದ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಕಂಡಿತು, ಪತ್ರ ಹಿಂದಕ್ಕೆ ಬಂತು. ಹಳೆಯ ಕಡತ ತೆರೆಯಬೇಕಾದವರು ನನ್ನನ್ನು ಕೇಳಿ. ಹೊರಗೆ ಕಳಿಸುವ ಪತ್ರಗಳೆಲ್ಲ ಯೂನಿಕೋಡ್‌ನಲ್ಲೇ ಇರಲಿ.

ನಿಮ್ಮ ಸ್ವಂತ ಕಡತಗಳನ್ನು, ಮಕ್ಕಳ ಅಂಕಪಟ್ಟಿ, ಫೋಟೊ, ರೈಲು ಟಿಕೆಟ್ ಇತ್ಯಾದಿಗಳನ್ನು, ಡೆಸ್ಕ್‌ಟಾಪಿನಲ್ಲಿ ಇಡಬೇಡಿ. ಜಾಗದ ಪ್ರಶ್ನೆ ಒಂದು ಕಡೆಯಾದರೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಜೊತೆಗೆ ಡೆಸ್ಕ್‌ಟಾಪಿನಲ್ಲಿರುವುದು ಸಿ ಡ್ರೈವ್‌ನಲ್ಲಿರುತ್ತದೆ, ವಿಂಡೋಸ್ ಕೆಟ್ಟು ಹೊಸದಾಗಿ ಹಾಕಬೇಕಾಗಿ ಬಂದರೆ ಅದು ಉಳಿಯುವುದು ಕಷ್ಟ. ಕಚೇರಿಯ ಕೆಲಸದ ಕಡತಗಳನ್ನು ‘ಇಂದಿನ ಕೆಲಸ’ದಲ್ಲಿಟ್ಟು, ಮನೆಗೆ ಹೊರಡುವ ಮುಂಚೆ ಆಯಾ ವಿಭಾಗದ ಫೋಲ್ಡರಿಗೆ ಸಾಗಿಸಿ. ಈಗ ಅಲ್ಲಲ್ಲಿ ಇರುವ ಸ್ವಂತ ಕಡತಗಳನ್ನು ಶುಕ್ರವಾರ, 11ನೇ ತಾರೀಖು ಸಂಜೆಯೊಳಗೆ ತೆಗೆದುಕೊಳ್ಳಿ. ಉಳಿದದ್ದನ್ನು ನಾನು ಅಳಿಸುವುದಿಲ್ಲ, ಪೆನ್‌ಡ್ರೈವ್‌ಗೆ ಹಾಕಿ ಜುಲೈ ಕೊನೆಯವರೆಗೂ ನನ್ನ ಬಳಿ ಇಟ್ಟಿರುತ್ತೇನೆ.

ಅಕ್ಷರ ಚಿಕ್ಕದಾಗಿ ಕಾಣುತ್ತದೆ ಎನ್ನುವವರು ಸಂಕೋಚವಿಲ್ಲದೆ ಹೇಳಿ. ವಿಂಡೋಸ್ ಕೀಯ ಜೊತೆ ಪ್ಲಸ್ ಗುರುತು ಒತ್ತಿದರೆ ಪರದೆ ದೊಡ್ಡದಾಗಿ ಕಾಣುತ್ತದೆ, ವಿಂಡೋಸ್ ಕೀಯ ಜೊತೆ ಎಸ್ಕೇಪ್ ಒತ್ತಿದರೆ ಮೊದಲಿನಂತಾಗುತ್ತದೆ. ಐಕಾನ್‌ಗಳು ಕದಲುವುದಿಲ್ಲ. ಅದೂ ಸಾಲದಿದ್ದರೆ ಆ ಮೇಜಿಗೆ ದೊಡ್ಡ ಮಾನಿಟರ್ ಕೇಳೋಣ.

ಈ ಜೋಡಣೆಯೇ ಸರಿ, ಬದಲಾಗಲೇಬಾರದು ಎಂಬ ಹಟ ನನಗಿಲ್ಲ. ದಿನಾ ಕೌಂಟರಿನಲ್ಲಿ ಕೂರುವವರು ನೀವು, ಯಾವುದು ಎಲ್ಲಿದ್ದರೆ ಅನುಕೂಲವೆಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಸಲಹೆಗಳನ್ನು ಹಾಜರಿ ಪುಸ್ತಕದ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರತಿ ತಿಂಗಳ ಕೊನೆಯ ಶನಿವಾರ ಎಲ್ಲರೂ ಕೂತು ನೋಡಿ, ಬದಲಿಸುವುದಾದರೆ ನಾಲ್ಕೂ ಕಂಪ್ಯೂಟರ್‌ಗಳಲ್ಲಿ ಒಂದೇ ದಿನ ಬದಲಿಸೋಣ, ಮಾನಿಟರಿನ ಪಕ್ಕದ ಚಿತ್ರವನ್ನೂ ಹೊಸದಾಗಿ ಅಂಟಿಸೋಣ.

ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಪರದೆ ಚಿತ್ರದಲ್ಲಿದ್ದಂತೆ ಇಲ್ಲದಿದ್ದರೆ ನೀವೇ ಸರಿಮಾಡಲು ಹೋಗದೆ, ಕೌಂಟರ್ ತೆರೆಯುವ 10 ಗಂಟೆಗೆ ಮುಂಚೆ ಆಡಳಿತ ವಿಭಾಗಕ್ಕೆ ಬಂದು ಹೇಳಿ. ನಾನು 9.30ಕ್ಕೆ ಬಂದಿರುತ್ತೇನೆ.

ಈ ಸೂಚನೆಯನ್ನು ಓದಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಕೋರುತ್ತೇನೆ.

ಇಂತಿ,
ಆಡಳಿತಾಧಿಕಾರಿ

ಪ್ರತಿ: ಕಾರ್ಯದರ್ಶಿಯವರ ಅವಗಾಹನೆಗೆ, ಸೂಚನಾ ಫಲಕಕ್ಕೆ